‘ಸೂಕ್ತ ಪರೀಕ್ಷೆ ಬಳಸಲಾಗುವುದು’ ಎಂದರೆ ಸಾಲದು: ಸಿನಾಪ್ಸಿಸ್‌ನ ವಿಶ್ಲೇಷಣಾ ಯೋಜನೆ ಬರೆಯುವ ಬಗೆ

ಸಂಶೋಧನಾ ಪ್ರಸ್ತಾವನೆಗಳ, ಅಂದರೆ ಸಿನಾಪ್ಸಿಸ್‌ಗಳ, ಕೊನೆಯ ಪುಟಗಳಲ್ಲಿ ಮೂರು ಸಾಲುಗಳು ಮತ್ತೆ ಮತ್ತೆ ಸಿಗುತ್ತವೆ. ‘ದತ್ತಾಂಶವನ್ನು ಎಕ್ಸೆಲ್‌ನಲ್ಲಿ ನಮೂದಿಸಿ ಎಸ್‌ಪಿಎಸ್‌ಎಸ್‌ನಲ್ಲಿ ವಿಶ್ಲೇಷಿಸಲಾಗುವುದು. ಸೂಕ್ತ ಸಂಖ್ಯಾಶಾಸ್ತ್ರೀಯ ಪರೀಕ್ಷೆಗಳನ್ನು ಬಳಸಲಾಗುವುದು. p < 0.05 ಬಂದರೆ ಅರ್ಥಪೂರ್ಣವೆಂದು ಪರಿಗಣಿಸಲಾಗುವುದು.’ ಈ ಸಾಲುಗಳನ್ನು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೂ ಅಂಟಿಸಬಹುದು, ಶಾಲಾ ಮಕ್ಕಳ ದೃಷ್ಟಿದೋಷದ ಅಧ್ಯಯನಕ್ಕೂ ಅಂಟಿಸಬಹುದು. ಎಲ್ಲಿಗೆ ಬೇಕಾದರೂ ಹೊಂದುವ ಸಾಲು ನಿಮ್ಮ ಅಧ್ಯಯನದ ಬಗ್ಗೆ ಏನನ್ನೂ ಹೇಳುತ್ತಿಲ್ಲ.

ವಿಶ್ಲೇಷಣಾ ಯೋಜನೆಯಲ್ಲಿ ಪ್ರತಿ ಸಂಶೋಧನಾ ಪ್ರಶ್ನೆಗೂ ಐದು ಸಂಗತಿಗಳು ಇರಬೇಕು: ಯಾವ ಚಲಕ, ಅದನ್ನು ಯಾವುದರಿಂದ ಹೇಗೆ ಅಳೆಯುತ್ತೀರಿ, ಲೆಕ್ಕಕ್ಕೆ ಅದು ಯಾವ ರೂಪದಲ್ಲಿ ಹೋಗುತ್ತದೆ, ಪರೀಕ್ಷೆಯ ಹೆಸರೇನು, ಕೊನೆಗೆ ವರದಿಯಲ್ಲಿ ಅಚ್ಚಾಗುವ ಅಂಕಿ ಯಾವುದು. ಐದನೆಯದನ್ನು ಬಹಳ ಮಂದಿ ಬಿಡುತ್ತಾರೆ. ‘ಪಿ ಮೌಲ್ಯ’ ಎಂಬುದು ಉತ್ತರವಲ್ಲ. ವ್ಯತ್ಯಾಸ ಎಷ್ಟು, ಅನುಪಾತ ಎಷ್ಟು ಎಂಬುದು ಉತ್ತರ.

ಇದನ್ನು ಒಂದೇ ಉದಾಹರಣೆಯ ಮೇಲೆ ಮಾಡಿ ನೋಡೋಣ. ಒಂದು ತಾಲ್ಲೂಕು ಆಸ್ಪತ್ರೆಯ ಗರ್ಭಿಣಿಯರ ತಪಾಸಣಾ ಕ್ಲಿನಿಕ್ ಎಂದಿಟ್ಟುಕೊಳ್ಳಿ. ಗರ್ಭಕ್ಕೆ 28ರಿಂದ 30 ವಾರ ತುಂಬಿದ ಮಹಿಳೆಯರನ್ನು ಬಂದ ಸಾಲಿನಲ್ಲೇ ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತೀರಿ. ರಕ್ತಹೀನತೆ ಕಂಡವರಲ್ಲಿ ಒಪ್ಪಿದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತೀರಿ. ಒಂದು ಗುಂಪಿಗೆ ಎಂದಿನ ಮಾತ್ರೆ ಮತ್ತು ಸಲಹೆ ಮಾತ್ರ, ಇನ್ನೊಂದಕ್ಕೆ ಅದರ ಜೊತೆಗೆ ಕಬ್ಬಿಣಾಂಶದ ಮಾತ್ರೆ ನೆನಪಿಸುವ ವಾರಕ್ಕೊಂದು ಫೋನ್ ಕರೆ. 36ರಿಂದ 38 ವಾರದೊಳಗೆ ಮತ್ತೆ ರಕ್ತ ಪರೀಕ್ಷೆ.

ಮೊದಲು ಪ್ರಶ್ನೆಯನ್ನೇ ತಿದ್ದಿ

ಸಿನಾಪ್ಸಿಸ್‌ನಲ್ಲಿ ಉದ್ದೇಶಗಳು ಸಾಮಾನ್ಯವಾಗಿ ಹೀಗಿರುತ್ತವೆ: ‘ಗರ್ಭಿಣಿಯರಲ್ಲಿ ರಕ್ತಹೀನತೆಯನ್ನು ಅಧ್ಯಯನ ಮಾಡುವುದು’, ‘ಸಂಬಂಧಿತ ಅಂಶಗಳನ್ನು ಗುರುತಿಸುವುದು’, ‘ಫೋನ್ ಕರೆಯ ಪರಿಣಾಮ ತಿಳಿಯುವುದು’. ಇವಕ್ಕೆ ಪರೀಕ್ಷೆ ಹೊಂದಿಸಲು ಆಗುವುದಿಲ್ಲ, ಏಕೆಂದರೆ ಇವು ಪ್ರಶ್ನೆಗಳೇ ಅಲ್ಲ. ಯಾರಲ್ಲಿ, ಯಾವಾಗ, ಯಾವುದಕ್ಕೆ ಹೋಲಿಸಿ, ಏನನ್ನು ಎಂಬುದು ಸೇರಿದ ಮೇಲೆ ಪರೀಕ್ಷೆ ಹೆಚ್ಚುಕಡಿಮೆ ತಾನಾಗಿಯೇ ಗೊತ್ತಾಗುತ್ತದೆ.

ಒಂದು: ಈ ಕ್ಲಿನಿಕ್‌ಗೆ 28–30 ವಾರದಲ್ಲಿ ಬರುವ ಗರ್ಭಿಣಿಯರಲ್ಲಿ ಶೇಕಡ ಎಷ್ಟು ಮಂದಿಗೆ ರಕ್ತಹೀನತೆ ಇದೆ?

ಎರಡು: ಹಿಂದಿನ 30 ದಿನಕ್ಕೆ ಬರೆದುಕೊಟ್ಟ ಮಾತ್ರೆಗಳಲ್ಲಿ ಶೇ 80ಕ್ಕಿಂತ ಕಡಿಮೆ ನುಂಗಿದವರಲ್ಲಿ ರಕ್ತಹೀನತೆ, ಶೇ 80 ಅಥವಾ ಹೆಚ್ಚು ನುಂಗಿದವರಿಗಿಂತ ಎಷ್ಟು ಪಟ್ಟು ಇದೆ?

ಮೂರು: ಫೋನ್ ಕರೆ ಬಂದ ಗುಂಪಿನ ಹಿಮೋಗ್ಲೋಬಿನ್, 36–38ನೇ ವಾರದಲ್ಲಿ ಎಂದಿನ ಸಲಹೆಯ ಗುಂಪಿಗಿಂತ ಡೆಸಿಲೀಟರಿಗೆ ಎಷ್ಟು ಗ್ರಾಂ ಹೆಚ್ಚು?

ಈ ಮೂರರಲ್ಲಿ ಮುಖ್ಯ ಪ್ರಶ್ನೆ ಯಾವುದೆಂದು ಈಗಲೇ ಬರೆದುಬಿಡಿ. ಇಲ್ಲಿ ಮೂರನೆಯದು. ಅದರ ಫಲಿತಾಂಶವೇ ಅಧ್ಯಯನದ ಫಲಿತಾಂಶ, ಉಳಿದವು ಪೂರಕ. ಈ ಒಂದು ವಾಕ್ಯ ಇಲ್ಲದಿದ್ದರೆ ಇಪ್ಪತ್ತು ಹೋಲಿಕೆ ಮಾಡಿ, ಅದರಲ್ಲಿ p < 0.05 ಬಂದ ಒಂದನ್ನು ಎತ್ತಿ ಹಿಡಿದರೆ ನಿಮ್ಮನ್ನು ತಡೆಯುವವರು ಇರುವುದಿಲ್ಲ. ನಿಜವಾದ ವ್ಯತ್ಯಾಸ ಎಲ್ಲೂ ಇಲ್ಲದಿದ್ದರೂ ಇಪ್ಪತ್ತರಲ್ಲಿ ಸರಾಸರಿ ಒಂದು ಹಾಗೆ ಬಂದೇ ಬರುತ್ತದೆ.

ಚಲಕದ ಹೆಸರು ಬೇರೆ, ಅಳತೆ ಬೇರೆ

‘ರಕ್ತಹೀನತೆ’ ಚಲಕದ ಹೆಸರು. ಅಳತೆ ಎಂದರೆ: ತೋಳಿನ ರಕ್ತನಾಳದಿಂದ ತೆಗೆದ ರಕ್ತ, ಆಸ್ಪತ್ರೆಯ ಲ್ಯಾಬಿನ ಆಟೋ ಅನಲೈಸರ್, ಎರಡೂ ಸಲ ಅದೇ ಯಂತ್ರ, ಫಲಿತಾಂಶ ಒಂದು ದಶಮಾಂಶ ಸ್ಥಾನದವರೆಗೆ. 28ನೇ ವಾರದಲ್ಲಿ ಸಾಹ್ಲಿ ವಿಧಾನದಲ್ಲಿ ಬಣ್ಣ ಹೋಲಿಸಿ ನೋಡಿ, 36ನೇ ವಾರದಲ್ಲಿ ಅನಲೈಸರ್‌ನಲ್ಲಿ ನೋಡಿದರೆ, ನೀವು ಅಳೆದದ್ದು ಮಾತ್ರೆಯ ಪರಿಣಾಮವೋ ಯಂತ್ರ ಬದಲಾದ ಪರಿಣಾಮವೋ ಹೇಳಲು ಯಾವ ಪರೀಕ್ಷೆಯಿಂದಲೂ ಆಗದು.

ಗಡಿಯನ್ನೂ ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಯರಲ್ಲಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ. ಆದರೆ 2024ರ ಮಾರ್ಗಸೂಚಿಯಲ್ಲಿ ಎರಡನೇ ತ್ರೈಮಾಸಿಕಕ್ಕೆ ಗಡಿ 10.5 ಆಗಿದೆ. ನಮ್ಮ ಉದಾಹರಣೆಯಲ್ಲಿ ಎಲ್ಲರೂ ಮೂರನೇ ತ್ರೈಮಾಸಿಕದವರು, ಆದ್ದರಿಂದ 11 ನಿಲ್ಲುತ್ತದೆ. 20ನೇ ವಾರದವರನ್ನೂ 32ನೇ ವಾರದವರನ್ನೂ ಬೆರೆಸಿ ಸೇರಿಸಿಕೊಂಡಿದ್ದರೆ ಗಡಿ ಯಾವುದೆಂಬ ತಕರಾರು ಮೌಖಿಕ ಪರೀಕ್ಷೆಯಲ್ಲಿ ಖಂಡಿತ ಬರುತ್ತಿತ್ತು.

ಮಾತ್ರೆ ನುಂಗಿದ ಲೆಕ್ಕ ಇನ್ನೂ ಜಾರುವ ಚಲಕ. ‘ದಿನಾ ಮಾತ್ರೆ ತಗೋತೀರಾ?’ ಎಂದು ಕೇಳಿದರೆ ಕ್ಲಿನಿಕ್‌ನಲ್ಲಿ ಎಲ್ಲರೂ ‘ಹೂಂ’ ಎನ್ನುತ್ತಾರೆ. ಸ್ಟ್ರಿಪ್ ತರಲು ಹೇಳಿ, ಉಳಿದ ಮಾತ್ರೆ ಎಣಿಸಿ. ಕೊಟ್ಟದ್ದರಲ್ಲಿ ಉಳಿದದ್ದನ್ನು ಕಳೆದರೆ ನುಂಗಿದ್ದು. ಅದನ್ನು ಬರೆದುಕೊಟ್ಟ ಮಾತ್ರೆಯ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿ. ಭಾಜಕದಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ರಕ್ತಹೀನತೆ ಇಲ್ಲದ ಗರ್ಭಿಣಿಗೆ ದಿನಕ್ಕೊಂದು ಮಾತ್ರೆ, ಸೌಮ್ಯ ಅಥವಾ ಮಧ್ಯಮ ರಕ್ತಹೀನತೆ ಇದ್ದರೆ ಎರಡು. ಎಲ್ಲರಿಗೂ 30 ಎಂದು ಹಿಡಿದರೆ, ದಿನಕ್ಕೆರಡು ಬರೆದುಕೊಟ್ಟಿದ್ದರಲ್ಲಿ ಅರ್ಧ ಮಾತ್ರ ನುಂಗಿದವಳೂ ‘ನೂರಕ್ಕೆ ನೂರು’ ಆಗಿಬಿಡುತ್ತಾಳೆ. ಆದ್ದರಿಂದ ದತ್ತಾಂಶ ತುಂಬುವ ನಮೂನೆಯಾದ ಪ್ರೊಫಾರ್ಮಾದಲ್ಲಿ ‘ದಿನಕ್ಕೆ ಎಷ್ಟು ಬರೆದುಕೊಡಲಾಗಿದೆ’ ಎಂಬ ಅಂಕಣ ಬೇಕೇ ಬೇಕು.

ಶೇಕಡವಾರು ಲೆಕ್ಕವನ್ನು ಹಾಗೆಯೇ ಅಂಕಿಯಾಗಿ ಇಟ್ಟುಕೊಳ್ಳಿ. 80ರ ಮೇಲೆ, ಕೆಳಗೆ ಎಂದು ಭಾಗ ಮಾಡುವುದನ್ನು ವಿಶ್ಲೇಷಣೆಯ ಹೊತ್ತಿಗೆ ಮಾಡಬಹುದು. ನಮೂದಿಸುವಾಗಲೇ ‘ಒಳ್ಳೆಯದು/ಕೆಟ್ಟದ್ದು’ ಎಂದು ಗುರುತು ಹಾಕಿದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ. ವಯಸ್ಸು, ಹಿಮೋಗ್ಲೋಬಿನ್, ಹೆಸರು ನೋಂದಾಯಿಸಿದ ವಾರ, ಎಲ್ಲಕ್ಕೂ ಇದೇ ಮಾತು.

ಮೊದಲ ಪ್ರಶ್ನೆಗೆ ಪರೀಕ್ಷೆಯೇ ಬೇಡ

‘ಶೇಕಡ ಎಷ್ಟು?’ ಎಂಬ ಪ್ರಶ್ನೆಗೆ ಯಾವ ಪರೀಕ್ಷೆಯ ಹೆಸರೂ ಬರೆಯುವ ಅಗತ್ಯವಿಲ್ಲ. ಹೋಲಿಕೆ ಇಲ್ಲದ ಕಡೆ ಕೈ-ವರ್ಗ, ಅಂದರೆ ಕೈ-ಸ್ಕ್ವೇರ್, ಪರೀಕ್ಷೆ ಎಂದು ಬರೆದಿರುವ ಸಿನಾಪ್ಸಿಸ್‌ಗಳು ಕಡಿಮೆಯೇನಿಲ್ಲ. ಇಲ್ಲಿ ಬೇಕಾದ್ದು ಶೇಕಡವಾರು ಮತ್ತು ಅದರ 95% ಕಾನ್ಫಿಡೆನ್ಸ್ ಇಂಟರ್ವಲ್, ಲೆಕ್ಕ ಹಾಕುವ ವಿಧಾನ ವಿಲ್ಸನ್. ಛೇದದಲ್ಲಿ ಯಾರು ಇರುತ್ತಾರೆ ಎಂಬುದನ್ನೂ ಹೇಳಿ: ಒಪ್ಪಿಗೆ ಕೊಟ್ಟು, ರಕ್ತದ ಫಲಿತಾಂಶ ಸಿಕ್ಕವರು. ಇದು ಕ್ಲಿನಿಕ್‌ಗೆ ಬಂದವರ ಪ್ರಮಾಣವೇ ಹೊರತು ತಾಲ್ಲೂಕಿನ ಎಲ್ಲ ಗರ್ಭಿಣಿಯರದಲ್ಲ ಎಂದು ಒಂದು ಸಾಲು ಸೇರಿಸಿದರೆ ಈ ಭಾಗ ಮುಗಿಯಿತು.

ಎರಡನೆಯ ಪ್ರಶ್ನೆ: ಕೈ-ವರ್ಗ ಬಾಗಿಲು ಮಾತ್ರ

ಎರಡು ಗುಂಪು, ಹೌದು/ಇಲ್ಲ ಎಂಬ ಫಲಿತಾಂಶ. ಕೈ-ವರ್ಗ ಪರೀಕ್ಷೆ ಹೊಂದುತ್ತದೆ. ಎರಡು ಸಾಲು, ಎರಡು ಕಂಬದ ಈ ಕೋಷ್ಟಕದ ಯಾವುದೇ ಮನೆಯಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಬಂದರೆ ಫಿಶರ್‌ನ ಎಕ್ಸಾಕ್ಟ್ ಪರೀಕ್ಷೆ. ನಿರೀಕ್ಷಿತ ಸಂಖ್ಯೆ ಎಂದರೆ ಕಂಡ ಸಂಖ್ಯೆಯಲ್ಲ. ಸಾಲಿನ ಮೊತ್ತವನ್ನು ಕಂಬದ ಮೊತ್ತದಿಂದ ಗುಣಿಸಿ ಒಟ್ಟು ಮೊತ್ತದಿಂದ ಭಾಗಿಸಿದ್ದು.

ಆದರೆ ಕೈ-ವರ್ಗ ಹೇಳುವುದು ‘ಸಂಬಂಧ ಇದ್ದಂತಿದೆ’ ಎಂದಷ್ಟೇ. ನಮ್ಮ ಪ್ರಶ್ನೆ ಎಷ್ಟು ಪಟ್ಟು ಎಂಬುದು. ಅದಕ್ಕೆ ಪ್ರಮಾಣಗಳ ಅನುಪಾತ ಬೇಕು. ಇಲ್ಲಿ ಅಭ್ಯಾಸಬಲದಿಂದ ಲಾಜಿಸ್ಟಿಕ್ ರಿಗ್ರೆಶನ್ ಎಂದು ಬರೆದು ಆಡ್ಸ್ ಅನುಪಾತ ಕೊಡುವವರೇ ಹೆಚ್ಚು. ಒಂದು ಕಲ್ಪಿತ ಲೆಕ್ಕ ನೋಡಿ. ಮಾತ್ರೆ ಸರಿಯಾಗಿ ನುಂಗದವರಲ್ಲಿ ಶೇ 60 ಮಂದಿಗೆ ರಕ್ತಹೀನತೆ, ನುಂಗಿದವರಲ್ಲಿ ಶೇ 40. ಪ್ರಮಾಣದ ಅನುಪಾತ 60 ÷ 40, ಅಂದರೆ 1.5. ಆಡ್ಸ್ ಅನುಪಾತ (60 ÷ 40) ÷ (40 ÷ 60), ಅಂದರೆ 2.25. ಎರಡೂ ಲೆಕ್ಕ ಸರಿ. ಆದರೆ ಓದುವವರು 2.25ನ್ನು ‘ಎರಡೂಕಾಲು ಪಟ್ಟು ಹೆಚ್ಚು ಮಂದಿಗೆ’ ಎಂದೇ ಓದುತ್ತಾರೆ, ಅದು ತಪ್ಪು. ರೋಗ ಅಪರೂಪವಾಗಿದ್ದರೆ ಎರಡೂ ಅಂಕಿ ಹತ್ತಿರ ಬರುತ್ತವೆ. ರಕ್ತಹೀನತೆ ನಮ್ಮಲ್ಲಿ ಅಪರೂಪವಲ್ಲ. ಆದ್ದರಿಂದ ಇಲ್ಲಿ ಯೋಜನೆಯಲ್ಲಿ ಬರೆಯಬೇಕಾದ ಹೆಸರು: ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ ಬಳಸಿದ ಪಾಯ್ಸಾನ್ ರಿಗ್ರೆಶನ್. ಅದು ನೇರವಾಗಿ ಪ್ರಮಾಣದ ಅನುಪಾತವನ್ನೇ ಕೊಡುತ್ತದೆ. ‘ರೋಬಸ್ಟ್’ ಎಂಬ ಪದ ಬಿಡಬೇಡಿ. ಹೌದು/ಇಲ್ಲ ಫಲಿತಾಂಶಕ್ಕೆ ಸಾದಾ ಪಾಯ್ಸಾನ್ ಹಾಕಿದರೆ ಕಾನ್ಫಿಡೆನ್ಸ್ ಇಂಟರ್ವಲ್ ಬೇಕಾದ್ದಕ್ಕಿಂತ ಅಗಲವಾಗುತ್ತದೆ.

ಇನ್ನು ಹೊಂದಾಣಿಕೆಗೆ ಯಾವ ಚಲಕಗಳನ್ನು ಸೇರಿಸಬೇಕು? ‘ಒಂದೊಂದಾಗಿ ಪರೀಕ್ಷಿಸಿ, p < 0.05 ಬಂದವನ್ನು ಮಾದರಿಗೆ ಸೇರಿಸಲಾಗುವುದು’ ಎಂಬ ರೂಢಿ ಇದೆ. ಅದು ದತ್ತಾಂಶಕ್ಕೆ ನಿರ್ಧಾರ ಬಿಟ್ಟುಕೊಟ್ಟಂತೆ. ಬದಲಿಗೆ ಒಂದು ಹಾಳೆಯ ಮೇಲೆ ಬಾಣಗಳನ್ನು ಬರೆದು ನೋಡಿ. ಮಾತ್ರೆ ನುಂಗುವುದರ ಮೇಲೂ ಹಿಮೋಗ್ಲೋಬಿನ್ ಮೇಲೂ ಪ್ರಭಾವ ಬೀರುವಂಥವು ಯಾವುವು? ವಯಸ್ಸು, ಎಷ್ಟನೇ ಬಸಿರು, ಓದು, ಕ್ಲಿನಿಕ್‌ನಲ್ಲಿ ಮೊದಲು ಹೆಸರು ಬರೆಸಿದ ವಾರ. ಇವೆಲ್ಲ ಒಳಗೆ. ಮಾತ್ರೆಯ ಪರಿಣಾಮವೇ ಆಗಿರುವಂಥವು, ಉದಾಹರಣೆಗೆ ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಈಗಿನ ಫೆರಿಟಿನ್ ಮಟ್ಟ, ಹೊರಗೆ. ಮಾತ್ರೆಯಿಂದ ಹಿಮೋಗ್ಲೋಬಿನ್‌ಗೆ ಹೋಗುವ ದಾರಿಯಲ್ಲೇ ಅದು ನಿಂತಿದೆ. ಅದನ್ನು ಹೊಂದಾಣಿಕೆಗೆ ಸೇರಿಸಿದರೆ ನೀವು ಹುಡುಕುತ್ತಿರುವ ಸಂಬಂಧವನ್ನೇ ಅಳಿಸಿದಂತೆ.

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ್ದು, ಹೆಚ್ಚಾಗಿ ಮರೆತುಹೋಗುವಂಥದ್ದು ಮೊದಲ ಭೇಟಿಯ ಹಿಮೋಗ್ಲೋಬಿನ್. ಮೂರನೇ ತಿಂಗಳಲ್ಲಿ 8.5 ಬಂದವಳಿಗೆ ನರ್ಸ್ ಗದರಿ ಹೇಳಿರುತ್ತಾರೆ, ಅತ್ತೆ ಎದುರು ನಿಂತು ಮಾತ್ರೆ ನುಂಗಿಸಿರುತ್ತಾರೆ. ಅವಳು ಚೆನ್ನಾಗಿ ನುಂಗಿದ್ದಾಳೆ, ಆದರೂ 28ನೇ ವಾರಕ್ಕೆ 10ಕ್ಕೆ ಮಾತ್ರ ಮುಟ್ಟಿದ್ದಾಳೆ. ಮೊದಲೇ 12 ಇದ್ದವಳು ಅಲಕ್ಷ್ಯ ಮಾಡಿದ್ದಾಳೆ, ಆದರೂ 11.3 ಇದೆ. ಮೊದಲ ಅಂಕಿ ಇಲ್ಲದೆ ವಿಶ್ಲೇಷಿಸಿದರೆ ಮಾತ್ರೆ ನುಂಗಿದವರಲ್ಲೇ ರಕ್ತಹೀನತೆ ಹೆಚ್ಚು ಎಂಬ ಫಲಿತಾಂಶ ಬಂದರೂ ಆಶ್ಚರ್ಯವಿಲ್ಲ. ಆ ಅಂಕಿ ತಾಯಿ ಕಾರ್ಡಿನಲ್ಲಿ ಇರುತ್ತದೆ. ಅದನ್ನೂ ಯಾವ ವಿಧಾನದಲ್ಲಿ ಅಳೆದದ್ದೆಂಬುದನ್ನೂ ಪ್ರೊಫಾರ್ಮಾಕ್ಕೆ ಇಳಿಸಿಕೊಳ್ಳಿ. ಈ ಅಂಕಣ ಬೇಕೆಂದು ದತ್ತಾಂಶ ಸಂಗ್ರಹ ಮುಗಿದ ಮೇಲೆ ಹೊಳೆದರೆ ಐನೂರು ಕಾರ್ಡುಗಳನ್ನು ಮತ್ತೆ ಹುಡುಕಲು ಆಗುವುದಿಲ್ಲ. ವಿಶ್ಲೇಷಣಾ ಯೋಜನೆಯನ್ನು ಪ್ರೊಫಾರ್ಮಾಕ್ಕಿಂತ ಮೊದಲು ಬರೆಯಬೇಕು ಎನ್ನುವುದು ಇದಕ್ಕೇ.

```r
library(sandwich); library(lmtest)
m2 <- glm(anemia ~ adh_low + hb_first + age + parity + edu + reg_week,
          family = poisson(link = "log"), data = d)
ct <- coefci(m2, vcov. = vcovHC(m2, type = "HC0"))
exp(cbind(PR = coef(m2), ct))
```

ಇಲ್ಲಿ `adh_low` ಶೇ 80ಕ್ಕಿಂತ ಕಡಿಮೆ ನುಂಗಿದವರಿಗೆ 1, ಉಳಿದವರಿಗೆ 0. ದಿಕ್ಕನ್ನು ಯೋಜನೆಯಲ್ಲೇ ಬರೆದಿಡಿ. ಇಲ್ಲವಾದರೆ 1.5 ಬರಬೇಕಾದ್ದು 0.67 ಆಗಿ ಬಂದು, ಅದನ್ನು ಮಾತಿನಲ್ಲಿ ಬರೆಯುವಾಗ ತಲೆಕೆಳಗಾಗುತ್ತದೆ.

ಮೂರನೆಯ ಪ್ರಶ್ನೆ: ಎರಡು ಪೇರ್ಡ್ ಟಿ ಪರೀಕ್ಷೆಯ ಬಲೆ

ಮೊದಲು–ಆಮೇಲೆ ಎಂಬ ಎರಡು ಅಳತೆ ಕಂಡೊಡನೆ ಕೈ ‘ಪೇರ್ಡ್ ಟಿ ಪರೀಕ್ಷೆ’ ಎಂದು ಬರೆದುಬಿಡುತ್ತದೆ. ಪ್ರತಿ ಗುಂಪಿಗೂ ಒಂದೊಂದು. ಫಲಿತಾಂಶ ಹೀಗೆ ಬಂತೆಂದುಕೊಳ್ಳಿ: ಫೋನ್ ಗುಂಪಿನಲ್ಲಿ 9.6ರಿಂದ 10.4ಕ್ಕೆ ಏರಿಕೆ, p = 0.01. ಎಂದಿನ ಗುಂಪಿನಲ್ಲಿ 9.6ರಿಂದ 10.2ಕ್ಕೆ, p = 0.07. ‘ಒಂದರಲ್ಲಿ ಅರ್ಥಪೂರ್ಣ, ಇನ್ನೊಂದರಲ್ಲಿ ಇಲ್ಲ, ಆದ್ದರಿಂದ ಫೋನ್ ಕರೆ ಕೆಲಸ ಮಾಡಿದೆ’ ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಎರಡು ಗುಂಪಿನ ನಡುವೆ ಇರುವ ಅಂತರ 0.2 ಗ್ರಾಂ ಮಾತ್ರ, ಆ ಅಂತರವನ್ನು ಯಾರೂ ಪರೀಕ್ಷಿಸಿಯೇ ಇಲ್ಲ.

ಎರಡೂ ಗುಂಪು ಏರಿದ್ದು ಏಕೆ ಎಂಬುದಕ್ಕೂ ಕಾರಣಗಳಿವೆ. ಎಲ್ಲರಿಗೂ ದಿನಕ್ಕೆರಡು ಮಾತ್ರೆ ಶುರುವಾಗಿದೆ, ಅದೊಂದು. ಇನ್ನೊಂದು ಸೂಕ್ಷ್ಮದ್ದು. 11ಕ್ಕಿಂತ ಕಡಿಮೆ ಬಂದವರನ್ನೇ ಆರಿಸಿದ್ದೇವೆ. ಅವರಲ್ಲಿ ಕೆಲವರ ನಿಜವಾದ ಮಟ್ಟ ಸ್ವಲ್ಪ ಮೇಲಿದ್ದು, ಆ ದಿನದ ಅಳತೆ ಆಕಸ್ಮಿಕವಾಗಿ ಕೆಳಗೆ ಬಂದಿರುತ್ತದೆ. ಮತ್ತೆ ಅಳೆದಾಗ ಏನೂ ಮಾಡದಿದ್ದರೂ ಸರಾಸರಿ ಮೇಲೇರುತ್ತದೆ. ಇದನ್ನು ಸರಾಸರಿಯ ಕಡೆಗೆ ಮರಳುವಿಕೆ ಎನ್ನುತ್ತಾರೆ. ಮೊದಲು–ಆಮೇಲೆ ಹೋಲಿಕೆಯಿಂದ ಇದನ್ನು ಬೇರ್ಪಡಿಸಲು ಸಾಧ್ಯವಿಲ್ಲ. ಇನ್ನೊಂದು ಗುಂಪು ಇರುವುದೇ ಅದಕ್ಕಾಗಿ.

ಇಲ್ಲಿಗೆ ಸರಿಯಾದ ಹೆಸರು ಅನ್ಕೋವಾ, ಅಂದರೆ ಸಹಚಲಕವನ್ನು ಸೇರಿಸಿದ ಹೋಲಿಕೆ. 36ನೇ ವಾರದ ಹಿಮೋಗ್ಲೋಬಿನ್ ಫಲಿತಾಂಶ, ಗುಂಪು ಮುಖ್ಯ ಚಲಕ, 28ನೇ ವಾರದ ಹಿಮೋಗ್ಲೋಬಿನ್ ಸಹಚಲಕ. ಹೊರಗೆ ಬರುವ ಅಂಕಿ: ಹೊಂದಿಸಿದ ಸರಾಸರಿ ವ್ಯತ್ಯಾಸ, ಡೆಸಿಲೀಟರಿಗೆ ಗ್ರಾಂ, 95% ಇಂಟರ್ವಲ್ ಸಮೇತ.

```r
m3 <- lm(hb_36 ~ arm + hb_28, data = d)
coef(m3)["arm"]; confint(m3)["arm", ]
```

ಇಲ್ಲಿ `arm` ಫೋನ್ ಗುಂಪಿಗೆ 1, ಎಂದಿನ ಗುಂಪಿಗೆ 0 ಎಂದು ಅಂಕಿಯಾಗಿಯೇ ನಮೂದಾಗಿರಬೇಕು.

‘ಶಪಿರೊ–ವಿಲ್ಕ್ ಪರೀಕ್ಷೆ ಮಾಡಿ, ದತ್ತಾಂಶ ನಾರ್ಮಲ್ ಇದ್ದರೆ ಟಿ ಪರೀಕ್ಷೆ, ಇಲ್ಲದಿದ್ದರೆ ಮನ್–ವಿಟ್ನಿ’ ಎಂಬ ಸಾಲನ್ನು ಗೈಡ್ ಕೇಳಿದರೂ ಕೇಳಬಹುದು. ಆದರೆ ಅನ್ಕೋವಾದಲ್ಲಿ ನೋಡಬೇಕಾದ್ದು ಹಿಮೋಗ್ಲೋಬಿನ್ ಹಂಚಿಕೆಯನ್ನಲ್ಲ, ಮಾದರಿ ಹೊಂದಿಸಿದ ಮೇಲೆ ಉಳಿದ ಶೇಷಗಳ ಹಂಚಿಕೆಯನ್ನು. ಗುಂಪಿಗೆ ನೂರರ ಆಸುಪಾಸು ಮಂದಿ ಇದ್ದಾಗ ಸಣ್ಣಪುಟ್ಟ ವಕ್ರತೆ ತೊಂದರೆ ಕೊಡುವುದಿಲ್ಲ. ಶೇಷಗಳ ನಕ್ಷೆ ಬಿಡಿಸಿ ಕಣ್ಣಿನಿಂದ ನೋಡಲಾಗುವುದು, ಹರಡುವಿಕೆ ಸಮನಾಗಿಲ್ಲದಿದ್ದರೆ ರೋಬಸ್ಟ್ ಸ್ಟ್ಯಾಂಡರ್ಡ್ ಎರರ್ ಕೊಡಲಾಗುವುದು ಎಂದು ಬರೆದರೆ ಸಾಕು.

ಯಾರನ್ನು ಯಾವ ಗುಂಪಿನಲ್ಲಿ ಎಣಿಸುತ್ತೀರಿ ಎಂಬುದನ್ನೂ ಇಲ್ಲೇ ಹೇಳಬೇಕು. ಫೋನ್ ಗುಂಪಿಗೆ ಬಿದ್ದವಳ ಫೋನು ಗಂಡನ ಜೇಬಿನಲ್ಲಿ ಇರುತ್ತದೆ, ಎಂಟರಲ್ಲಿ ಮೂರು ಕರೆ ಮಾತ್ರ ಅವಳಿಗೆ ಮುಟ್ಟುತ್ತದೆ. ಅವಳನ್ನು ತೆಗೆದುಹಾಕುವಂತಿಲ್ಲ, ಇನ್ನೊಂದು ಗುಂಪಿಗೆ ಸರಿಸುವಂತೆಯೂ ಇಲ್ಲ. ಚೀಟಿ ಬಿದ್ದ ಗುಂಪಿನಲ್ಲೇ ಎಣಿಕೆ. ಕರೆ ಮುಟ್ಟಿದವರನ್ನು ಮಾತ್ರ ಎಣಿಸಿದರೆ, ಸ್ವಂತ ಫೋನು ಇರುವ ಮನೆಗಳನ್ನು ಎಲ್ಲ ಮನೆಗಳಿಗೆ ಹೋಲಿಸಿದಂತಾಗುತ್ತದೆ.

36ನೇ ವಾರದೊಳಗೆ ಹೆರಿಗೆಯಾದವರು, ತವರಿಗೆ ಹೋಗಿ ಬೇರೆ ಊರಿನ ಆಸ್ಪತ್ರೆ ಸೇರಿದವರು ಇದ್ದೇ ಇರುತ್ತಾರೆ. ಮೊದಲ ಹೆರಿಗೆಗೆ ತವರಿಗೆ ಹೋಗುವ ರೂಢಿ ಇರುವಾಗ ಇದು ಅಪವಾದವಲ್ಲ, ನಿರೀಕ್ಷಿಸಬೇಕಾದ ಸಂಗತಿ. ಯೋಜನೆಯಲ್ಲಿ ಹೀಗೆ ಬರೆಯಬಹುದು: ಬೇಗ ಹೆರಿಗೆಯಾದವರಲ್ಲಿ, ಸೇರಿಸಿಕೊಂಡು ನಾಲ್ಕು ವಾರ ಕಳೆದಿದ್ದರೆ, ಹೆರಿಗೆಗೆ ದಾಖಲಾದಾಗ ಹೆರಿಗೆಗೆ ಮೊದಲೇ ತೆಗೆದ ರಕ್ತದ ಫಲಿತಾಂಶವನ್ನು ಬಳಸಲಾಗುವುದು. ಹೆರಿಗೆಯ ನಂತರದ್ದನ್ನು ಬಳಸುವುದಿಲ್ಲ, ರಕ್ತಸ್ರಾವದಿಂದ ಅಂಕಿ ಬೇರೆಯಾಗಿರುತ್ತದೆ. ಯಾವ ಅಳತೆಯೂ ಸಿಗದವರ ಸಂಖ್ಯೆಯನ್ನು ಗುಂಪುವಾರು ಕೊಟ್ಟು, ಮಲ್ಟಿಪಲ್ ಇಂಪ್ಯುಟೇಶನ್ ಮಾಡಿ, ಅಂದರೆ ಇಲ್ಲದ ಅಂಕಿಗಳನ್ನು ಇರುವ ಮಾಹಿತಿಯಿಂದ ಹಲವು ಸಲ ಅಂದಾಜಿಸಿ ತುಂಬಿ, ಎರಡನೇ ಸಲ ವಿಶ್ಲೇಷಿಸಿ, ಉತ್ತರ ಬದಲಾಗುತ್ತದೆಯೇ ನೋಡಲಾಗುವುದು.

ಮಾದರಿ ಗಾತ್ರ ಈ ಮೂರು ಪ್ರಶ್ನೆಗಳಿಂದಲೇ ಹುಟ್ಟಬೇಕು

ಮೊದಲ ಪ್ರಶ್ನೆಗೆ ಸೂತ್ರ ಎಲ್ಲರಿಗೂ ಗೊತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ ಎನ್‌ಎಫ್‌ಎಚ್‌ಎಸ್-5ರಲ್ಲಿ, ಕರ್ನಾಟಕದ ಗರ್ಭಿಣಿಯರಲ್ಲಿ ರಕ್ತಹೀನತೆ ಸುಮಾರು ಶೇ 46. ಶೇ 5ರ ನಿಖರತೆ ಸಾಕೆಂದರೆ:

```
n = 1.96² × 0.46 × 0.54 / 0.05² = 381.7  →  382
```

ಬಹಳ ಸಿನಾಪ್ಸಿಸ್‌ಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ನಮ್ಮ ಮುಖ್ಯ ಪ್ರಶ್ನೆ ಮೂರನೆಯದು. 36ನೇ ವಾರದ ಹಿಮೋಗ್ಲೋಬಿನ್‌ನ ಸ್ಟ್ಯಾಂಡರ್ಡ್ ಡೀವಿಯೇಶನ್ 1.2, ಪತ್ತೆ ಹಚ್ಚಲು ಬಯಸುವ ವ್ಯತ್ಯಾಸ 0.5 ಗ್ರಾಂ, ಪವರ್, ಅಂದರೆ ಆ ವ್ಯತ್ಯಾಸ ನಿಜವಾಗಿ ಇದ್ದರೆ ಅದನ್ನು ಹಿಡಿಯುವ ಸಾಧ್ಯತೆ, ಶೇ 80 ಎಂದಿಟ್ಟುಕೊಳ್ಳಿ. ಈ 1.2 ಇಲ್ಲಿ ಉದಾಹರಣೆಗೆ ಹಿಡಿದದ್ದು. ನಿಮ್ಮದನ್ನು ಅದೇ ಕ್ಲಿನಿಕ್‌ನ ಹಳೆಯ ದಾಖಲೆಯಿಂದಲೋ ಪೂರ್ವ ಅಧ್ಯಯನದಿಂದಲೋ ತೆಗೆದುಕೊಂಡು, ಎಲ್ಲಿಂದ ಬಂತೆಂದು ಬರೆಯಿರಿ.

```
ಗುಂಪಿಗೆ n = 2 × (1.96 + 0.84)² × 1.2² / 0.5² = 90.3  →  91
ಶೇ 15 ಮಂದಿ ಕೈಬಿಟ್ಟರೆ: 91 / 0.85 = 107.1  →  108
ಎರಡು ಗುಂಪಿಗೆ: 216
```

ಇದು ಟಿ ಪರೀಕ್ಷೆಯ ಸೂತ್ರ. ಅನ್ಕೋವಾಗೆ ಇನ್ನೂ ಕಡಿಮೆ ಸಾಕಾಗಬಹುದು, ಆದರೆ ಎರಡು ಅಳತೆಗಳ ನಡುವಿನ ಸಹಸಂಬಂಧ ಎಷ್ಟೆಂದು ಗೊತ್ತಿಲ್ಲದೆ ಕಡಿಮೆ ಮಾಡಬೇಡಿ.

ಈಗ ಎರಡನ್ನೂ ಪಕ್ಕದಲ್ಲಿಡಿ. 382 ಮಂದಿಯನ್ನು ನೋಡಿದರೆ ರಕ್ತಹೀನತೆ ಇರುವವರು ಸುಮಾರು 176 ಮಂದಿ ಸಿಗುತ್ತಾರೆ. ಬೇಕಾದ್ದು 216. ಎಲ್ಲರೂ ಒಪ್ಪುವುದೂ ಇಲ್ಲ. ಹತ್ತರಲ್ಲಿ ಒಬ್ಬರು ಒಲ್ಲೆ ಎನ್ನುತ್ತಾರೆಂದು ಹಿಡಿದರೆ 216 / (0.46 × 0.90), ಅಂದರೆ 522 ಮಂದಿಯನ್ನು ಪರೀಕ್ಷಿಸಬೇಕು. ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದ್ದವರನ್ನು ಅಧ್ಯಯನಕ್ಕೆ ಇಟ್ಟುಕೊಳ್ಳದೆ ಚಿಕಿತ್ಸೆಗೆ ಕಳಿಸಬೇಕಾಗುವುದರಿಂದ ಕೆಲವರು ಇನ್ನೂ ಹೆಚ್ಚು ಬೇಕಾದಾರು. 522 ಇದ್ದರೆ ಮೊದಲ ಪ್ರಶ್ನೆಯ ನಿಖರತೆ ತಾನಾಗಿಯೇ ಶೇ 4.3ಕ್ಕೆ ಉತ್ತಮವಾಗುತ್ತದೆ. ಎರಡನೆಯ ಪ್ರಶ್ನೆಯ ಮಾದರಿಗೆ ರಕ್ತಹೀನತೆ ಇರುವವರು 240ರಷ್ಟು ಸಿಗುವುದರಿಂದ ಆರು ಚಲಕಗಳ ಭಾರ ತಾಳುತ್ತದೆ.

ಕ್ಲಿನಿಕ್‌ಗೆ ವಾರಕ್ಕೆ 28–30 ವಾರದ ಹೊಸ ಗರ್ಭಿಣಿಯರು 15 ಮಂದಿ ಬರುತ್ತಾರೆಂದರೆ 522 ಮುಟ್ಟಲು 35 ವಾರ, ಕೊನೆಯವರ ಎರಡನೇ ರಕ್ತ ಪರೀಕ್ಷೆಗೆ ಇನ್ನೂ 10 ವಾರ. 45 ವಾರವಾಯಿತು. ವಾರಕ್ಕೆ ಹತ್ತೇ ಬರುತ್ತಾರಾದರೆ ಒಟ್ಟು 63 ವಾರ. ರಿಜಿಸ್ಟರ್ ತೆಗೆದು ಎರಡು ತಿಂಗಳ ಲೆಕ್ಕ ಎಣಿಸಿ ನೋಡದೆ ಈ ಅಂಕಿಯನ್ನು ಸಿನಾಪ್ಸಿಸ್‌ಗೆ ಹಾಕಬೇಡಿ. ಅವಧಿ ಸಾಲದಿದ್ದರೆ ಪ್ರಶ್ನೆಯನ್ನು ಸಣ್ಣದು ಮಾಡುವುದೇ ದಾರಿ, ಪವರ್ ಅನ್ನು ಕದ್ದುಮುಚ್ಚಿ ಇಳಿಸುವುದಲ್ಲ.

ಕಾಗದದ ಮೇಲೆ ಅದು ಹೇಗಿರಬೇಕು

ಮೇಲಿನದ್ದೆಲ್ಲ ಒಂದು ಕೋಷ್ಟಕಕ್ಕೆ ಇಳಿಯುತ್ತದೆ. ಕೊನೆಯ ಕಂಬವನ್ನು ಬಿಡಬೇಡಿ. ಪ್ರೊಫಾರ್ಮಾದ ಯಾವ ಅಂಕಣದಿಂದ ಈ ಚಲಕ ಬರುತ್ತದೆ ಎಂಬುದು ಅಲ್ಲಿದೆ.

| ಪ್ರಶ್ನೆ | ಫಲಿತಾಂಶ ಚಲಕ, ಅಳತೆ | ಇತರ ಚಲಕಗಳು | ಪರೀಕ್ಷೆ | ವರದಿಯಾಗುವ ಅಂಕಿ | ಪ್ರೊಫಾರ್ಮಾ ಅಂಕಣ |
|---|---|---|---|---|---|
| 1 | ರಕ್ತಹೀನತೆ, 28–30 ವಾರ, 11 ಗ್ರಾಂಗಿಂತ ಕಡಿಮೆ | ಇಲ್ಲ | ಇಲ್ಲ; ವಿಲ್ಸನ್ ಇಂಟರ್ವಲ್ | ಶೇಕಡವಾರು, 95% ಇಂಟರ್ವಲ್ | 21 |
| 2 | ಅದೇ | ಮಾತ್ರೆ ಶೇ 80ಕ್ಕಿಂತ ಕಡಿಮೆ. ಮೊದಲ ಭೇಟಿಯ ಹಿಮೋಗ್ಲೋಬಿನ್, ವಯಸ್ಸು, ಎಷ್ಟನೇ ಬಸಿರು, ಓದು, ನೋಂದಣಿ ವಾರ | ಕೈ-ವರ್ಗ. ನಂತರ ರೋಬಸ್ಟ್ ಪಾಯ್ಸಾನ್ | ಪ್ರಮಾಣದ ಅನುಪಾತ, 95% ಇಂಟರ್ವಲ್ | 21, 14–16, 9, 2–5 |
| 3 (ಮುಖ್ಯ) | ಹಿಮೋಗ್ಲೋಬಿನ್, 36–38 ವಾರ, ಅಂಕಿಯಾಗಿ | ಗುಂಪು. 28ನೇ ವಾರದ ಹಿಮೋಗ್ಲೋಬಿನ್ | ಅನ್ಕೋವಾ | ಹೊಂದಿಸಿದ ವ್ಯತ್ಯಾಸ, 95% ಇಂಟರ್ವಲ್ | 27, 22, 21 |

ಕೋಷ್ಟಕ ಆದ ಮೇಲೆ ಪ್ರೊಫಾರ್ಮಾವನ್ನು ಪಕ್ಕದಲ್ಲಿಟ್ಟು ಎರಡು ದಿಕ್ಕಿನಿಂದ ಓದಿ. ಕೋಷ್ಟಕದಲ್ಲಿದ್ದು ಪ್ರೊಫಾರ್ಮಾದಲ್ಲಿ ಇಲ್ಲದ್ದನ್ನು ಸೇರಿಸಿ. ಪ್ರೊಫಾರ್ಮಾದಲ್ಲಿದ್ದು ಕೋಷ್ಟಕದಲ್ಲಿ ಎಲ್ಲೂ ಬಾರದ್ದನ್ನು ಒಂದೊಂದಾಗಿ ಪ್ರಶ್ನಿಸಿ. ಭಾಗವಹಿಸಿದವರ ಪರಿಚಯದ ಕೋಷ್ಟಕಕ್ಕೆ ಬೇಕಾದರೆ ಇರಲಿ, ಇಲ್ಲವಾದರೆ ಹೊಡೆದು ಹಾಕಿ. ಮನೆಗೆ ಟಿವಿ ಇದೆಯೇ, ನೆಲ ಯಾವುದು ಎಂದು ಎಂಟು ತಿಂಗಳ ಬಸುರಿಯನ್ನು ಬಿಸಿಲಲ್ಲಿ ಕೂರಿಸಿ ಕೇಳಿ, ಆಮೇಲೆ ಅದನ್ನು ಎಲ್ಲೂ ಬಳಸದಿರುವುದು ಅನ್ಯಾಯ.

ಸಿನಾಪ್ಸಿಸ್ ಒಪ್ಪಿಸುವ ಮೊದಲು ಇನ್ನೊಂದು ಕೆಲಸ ಮಾಡಿದರೆ ಯೋಜನೆಯ ಬಿರುಕುಗಳು ಕಾಣಿಸುತ್ತವೆ. ಇಪ್ಪತ್ತು ಸಾಲು ಸುಳ್ಳು ದತ್ತಾಂಶ ಕೈಯಿಂದ ತುಂಬಿ, ಮೇಲಿನ ಎರಡು ಮಾದರಿಗಳನ್ನು ಓಡಿಸಿ. ಉತ್ತರ ಮುಖ್ಯವಲ್ಲ, ಓಡುತ್ತದೆಯೇ ಎಂಬುದು ಮುಖ್ಯ. ಹಿಮೋಗ್ಲೋಬಿನ್‌ಗೆ ಯಾರೋ `9,8` ಎಂದು ಅಲ್ಪವಿರಾಮ ಹಾಕಿದರೆ ಇಡೀ ಕಂಬ ಅಕ್ಷರವಾಗಿಬಿಡುತ್ತದೆ ಎಂಬುದು ಇಲ್ಲೇ ಗೊತ್ತಾಗುತ್ತದೆ. ತಾಯಿ ಕಾರ್ಡ್ ತರದ ಆರು ಮಂದಿಯ `hb_first` ಖಾಲಿ ಬಿಟ್ಟು ನೋಡಿ: `glm` ಆ ಸಾಲುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಇಪ್ಪತ್ತರ ಬದಲು ಹದಿನಾಲ್ಕರ ಮೇಲೆ ಉತ್ತರ ಕೊಡುತ್ತದೆ. ಆಗ ನಿರ್ಧರಿಸಬೇಕಾಗುತ್ತದೆ: ಕಾರ್ಡ್ ಇಲ್ಲದವರಿಗೆ ಆಶಾ ಕಾರ್ಯಕರ್ತೆಯ ಹತ್ತಿರ ಇಲ್ಲವೇ ಉಪಕೇಂದ್ರದ ರಿಜಿಸ್ಟರ್‌ನಲ್ಲಿ ವಿಚಾರಿಸುತ್ತೀರೋ, ಮುಂದಿನ ಭೇಟಿಗೆ ತರಲು ಹೇಳುತ್ತೀರೋ, ಇಂಪ್ಯುಟೇಶನ್ ಮಾಡುತ್ತೀರೋ. ಅದನ್ನೂ ಯೋಜನೆಗೆ ಸೇರಿಸಿ, ಮೇಲೆ ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಹಾಕಿ. ಗುಂಪು ಮಾಡಿ ಹೋಲಿಸುವ ಅಧ್ಯಯನವಾದ್ದರಿಂದ ಮೊದಲ ಮಹಿಳೆಯನ್ನು ಸೇರಿಸಿಕೊಳ್ಳುವ ಮುಂಚೆ ಸಿಟಿಆರ್‌ಐ ಎಂಬ ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆಯಲ್ಲಿ ನೋಂದಣಿ ಆಗಬೇಕು, ಅಲ್ಲಿ ಬರೆಯುವ ಮುಖ್ಯ ಫಲಿತಾಂಶ ಈ ಕೋಷ್ಟಕದ ಮೂರನೇ ಸಾಲಿಗೆ ಅಕ್ಷರಶಃ ಹೊಂದಬೇಕು. ನಡುವೆ ಏನಾದರೂ ಬದಲಿಸಬೇಕಾಗಿ ಬಂದರೆ ಹಳೆಯ ಸಾಲನ್ನು ಅಳಿಸದೆ, ಹೊಸ ದಿನಾಂಕ ಮತ್ತು ಕಾರಣದೊಂದಿಗೆ ಕೆಳಗೆ ಬರೆದು ಎಥಿಕ್ಸ್ ಕಮಿಟಿಗೆ ಕಳಿಸಿ.